17½ ಗುಣ ಬಂದರೆ ಸಂಬಂಧ ಬಿಡಬೇಕೆ?

ಪ್ರಶ್ನೆ: ಗುರುಗಳೇ, ನನ್ನ ಮಗಳಿಗೆ ಶಹಾಪುರ ಕಡಿಂದ ಒಂದು ಸಂಬಂಧ ಬಂದದ. ಮನೆತನ ಛಲೋ ಅದ, ಹುಡುಗ ಹುಡುಗಿ ಮಾತಾಡಿ ಒಪ್ಪ್ಯಾರ. ಸಾಲಾವಳಿ ತೆಗೆಸಿದರ 17½ ಗುಣ ಬಂತು. ಮಗಳದು ಉತ್ತರಾ ಒಂದನೇ ಪಾದ, ಸಿಂಹ ರಾಶಿ. ಹುಡುಗಂದು ಆಶ್ಲೇಷಾ, ಕರ್ಕ ರಾಶಿ. "18 ದಾಟಿಲ್ಲ, ಬ್ಯಾಡ" ಅಂತ ನಮ್ಮ ಮಾವನವರು ಪಟ್ಟು ಹಿಡಿದಾರ. ಹೋದ ವರ್ಷ 29 ಗುಣ ಕೂಡಿದ ಒಂದು ಸಂಬಂಧ ಬಂದಿತ್ತು. ಆ ಹುಡುಗ ಕುಡೀತಾನ ಅಂತ ಗೊತ್ತಾಗಿ ನಾವೇ ಬಿಟ್ಟೀವಿ. ಮಗಳು ಹುಟ್ಟಿದ ವೇಳೆ ಬರೆದಿಟ್ಟಿಲ್ಲ. ಬೆಳಗಿನ ಆಜಾನ್ ಹೊತ್ತಿಗೆ ಅಂತ ನಮ್ಮ ಅತ್ತಿ ಅಂತಾರ, ಅದಕ್ಕ 4-45 ಅಂತ ಕೊಟ್ಟೀವಿ. ಈ ಅರ್ಧ ಗುಣದಾಗ ಖರೇನ ಏನರ ಅದನಾ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಇಲ್ಲ ತಾಯಿ, ಆ ಅರ್ಧ ಗುಣದಲ್ಲಿ ಏನೂ ಇಲ್ಲ. ನಾನು ಮೂವತ್ತು ವರ್ಷದಿಂದ ಇದೇ ಊರಲ್ಲಿ ಪಂಚಾಂಗ ಮುಂದಿಟ್ಟುಕೊಂಡು ಸಾಲಾವಳಿ ನೋಡಿದವನು. ಶಾಸ್ತ್ರ ಕಲಿತವನಾಗಿಯೇ ಹೇಳುತ್ತೇನೆ: 18 ಎಂಬ ಗೆರೆಯನ್ನು ಸಂಸಾರಗಳನ್ನು ಗಮನಿಸಿ, ಅಳೆದು ತೂಗಿ ಯಾರೂ ಎಳೆದದ್ದಲ್ಲ. ಅದು 36ರ ಅರ್ಧ, ಅಷ್ಟೇ.

ಹಾಗಾದರೆ 36 ಎಲ್ಲಿಂದ ಬಂತು? ನಮ್ಮ ಕಡೆ ಬಳಸುವುದು ಎಂಟು ಕೂಟಗಳ ಪದ್ಧತಿ. ವರ್ಣ, ವಶ್ಯ, ತಾರೆ, ಯೋನಿ, ಗ್ರಹಮೈತ್ರಿ, ಗಣ, ರಾಶಿಕೂಟ, ನಾಡಿ. ಸುಮಾರು 1600ರಲ್ಲಿ ಕಾಶಿಯ ರಾಮದೈವಜ್ಞರು ಬರೆದ ಮುಹೂರ್ತಚಿಂತಾಮಣಿಯಲ್ಲಿ ಈ ಎಂಟನ್ನೂ ಇದೇ ಸಾಲಿನಲ್ಲಿ ಹೇಳಿ, ಒಂದಕ್ಕಿಂತ ಮುಂದಿನದಕ್ಕೆ ಒಂದೊಂದು ಗುಣ ಹೆಚ್ಚು ಎಂದಿದ್ದಾರೆ. ಹಾಗಾಗಿ ವರ್ಣಕ್ಕೆ 1, ವಶ್ಯಕ್ಕೆ 2, ಹೀಗೇ ಏರುತ್ತಾ ನಾಡಿಗೆ 8. ಒಂದರಿಂದ ಎಂಟರವರೆಗೆ ಕೂಡಿದರೆ 36. ನಾಡಿ ತಾರೆಗಿಂತ ಐದು ಗುಣ ಭಾರ ಏಕೆ ಎಂದು ಕೇಳಿದರೆ, ಅದು ಸಾಲಿನಲ್ಲಿ ಕೊನೆಗೆ ನಿಂತಿದೆ ಎಂಬುದೇ ಉತ್ತರ. ಸಾಲಿನ ಕ್ರಮದಲ್ಲಿ ಹಿರಿಯರ ಒಂದು ಅಭಿಪ್ರಾಯ ಇದೆ, ನಾನು ಒಪ್ಪುತ್ತೇನೆ. ಆದರೆ ಅಭಿಪ್ರಾಯವನ್ನು ಅಂಕಿಯಾಗಿ ಬರೆದ ಮಾತ್ರಕ್ಕೆ ಅದು ತಕ್ಕಡಿಯಲ್ಲಿ ತೂಗಿದ ತೂಕವಾಗುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಈ 36 ಗುಣಗಳೂ ನಿಂತಿರುವುದು ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿ, ಯಾವ ರಾಶಿಯಲ್ಲಿ ಇದ್ದ ಎಂಬ ಒಂದೇ ಸಂಗತಿಯ ಮೇಲೆ. ಲಗ್ನ, ಸಪ್ತಮ ಸ್ಥಾನ, ಶುಕ್ರ, ಗುರು, ಕುಜ ಯಾವುದೂ ಇದರಲ್ಲಿ ಬರುವುದಿಲ್ಲ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ, ಒಂದು ಪಾದ ದಾಟಲು ಸುಮಾರು ಆರು ತಾಸು ತೆಗೆದುಕೊಳ್ಳುತ್ತಾನೆ. ನಿಮ್ಮ ಮಗಳು ಹುಟ್ಟಿದ ಆ ರಾತ್ರಿ ಕಲಬುರಗಿಯ ಎಲ್ಲ ಹೆರಿಗೆ ವಾರ್ಡುಗಳಲ್ಲಿ, ಬೀದರಿನಲ್ಲಿ, ಯಾದಗಿರಿಯಲ್ಲಿ, ಆ ಆರು ತಾಸಿನಲ್ಲಿ ಹುಟ್ಟಿದ ಪ್ರತಿಯೊಂದು ಹೆಣ್ಣುಮಗುವಿಗೂ ಈ ಹುಡುಗನ ಜೊತೆ ಬರುವುದು ಇದೇ 17½. ಅವರಲ್ಲಿ ಸಿಡುಕಿಯೂ ಇರುತ್ತಾಳೆ, ಶಾಂತ ಸ್ವಭಾವದವಳೂ ಇರುತ್ತಾಳೆ, ಓದಿದವಳೂ ಓದದವಳೂ ಇರುತ್ತಾರೆ.

ಈಗ 18ರ ಲೆಕ್ಕಕ್ಕೆ ಬರೋಣ. ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಪರಸ್ಪರ ಗುರುತಿಲ್ಲದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಹಾಗೇ ಕಣ್ಣುಮುಚ್ಚಿ ಆರಿಸಿ ಗುಣ ಕೂಡಿಸಿದರೆ ಎಷ್ಟು ಬರಬಹುದು? ನಾಡಿ ಮೂರು, ಒಂದೊಂದಕ್ಕೆ ಒಂಬತ್ತು ನಕ್ಷತ್ರ. ಇಬ್ಬರದೂ ಬೇರೆ ಬೇರೆ ನಾಡಿ ಆಗುವ ಸಾಧ್ಯತೆ ಮೂರರಲ್ಲಿ ಎರಡು. ಆಗ 8ಕ್ಕೆ 8 ಸಿಗುತ್ತದೆ. ರಾಶಿಕೂಟದಲ್ಲಿ ಹನ್ನೆರಡು ಸ್ಥಾನಗಳಲ್ಲಿ ಆರು ಒಳ್ಳೆಯವು, ಆರು ಕೆಟ್ಟವು. ಅಂದರೆ ನಾಣ್ಯ ಚಿಮ್ಮಿದ ಹಾಗೆ, 7 ಇಲ್ಲವೇ 0. ತಾರೆಯಲ್ಲಿ ಸರಾಸರಿ 2 ಬರುತ್ತದೆ. ಹೀಗೆ ಎಂಟನ್ನೂ ಕೂಡಿಸಿ ನೋಡಿದರೆ ಯಾವ ಹೊಂದಾಣಿಕೆಯನ್ನೂ ಹುಡುಕದ ಜೋಡಿಗೂ ಸರಾಸರಿ 20ರ ಆಸುಪಾಸು ಬಂದುಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ಜೋಡಿಗಳು 18ನ್ನು ಸುಮ್ಮನೆ ದಾಟುತ್ತವೆ. ದಾಟುವುದೋ ಬಿಡುವುದೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ನಾಡಿ ಮತ್ತು ರಾಶಿಕೂಟ, ಇವೆರಡೇ. 36ರಲ್ಲಿ 15 ಇವುಗಳ ಪಾಲು. ಇವೆರಡೂ ಕೊಟ್ಟರೆ ಪೂರ್ತಿ ಕೊಡುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ. ಉಳಿದ ಆರರ ಏರಿಳಿತ ಇವುಗಳ ಮುಂದೆ ಸಣ್ಣದು.

ನಿಮ್ಮ ಮಗಳ ಸಾಲಾವಳಿಯನ್ನೇ ಬಿಡಿಸಿ ನೋಡೋಣ. ಹುಡುಗನ ಕರ್ಕ ಬ್ರಾಹ್ಮಣ ವರ್ಣದ ರಾಶಿ, ಹುಡುಗಿಯ ಸಿಂಹ ಕ್ಷತ್ರಿಯ ವರ್ಣದ್ದು; ವರನ ವರ್ಣ ಸಮ ಅಥವಾ ಮೇಲಿರಬೇಕು ಎಂಬ ನಿಯಮದಿಂದ 1. (ಇದು ರಾಶಿಗೆ ಹೇಳಿದ ವರ್ಣ, ಮನುಷ್ಯರ ಜಾತಿಗಲ್ಲ. ಆದರೂ ಬಸವಕಲ್ಯಾಣ ಇರುವ ಈ ಸೀಮೆಯಲ್ಲಿ ಆ ಒಂದು ಗುಣ ಹೋದರೆ ಯಾರೂ ಬೇಸರ ಮಾಡಿಕೊಳ್ಳಬಾರದು ಎಂದು ನನ್ನ ಅಭಿಪ್ರಾಯ.) ವಶ್ಯಕ್ಕೆ 0. ತಾರೆಗೆ ಉತ್ತರಾದಿಂದ ಆಶ್ಲೇಷಾವರೆಗೆ ಎಣಿಸಿದರೆ 25, ಒಂಬತ್ತರಿಂದ ಭಾಗಿಸಿದರೆ ಶೇಷ 7, ಅದು ಒಳ್ಳೆಯದಲ್ಲ. ಆಶ್ಲೇಷಾದಿಂದ ಉತ್ತರಾಕ್ಕೆ 4, ಅದು ಒಳ್ಳೆಯದು. ಹಾಗಾಗಿ 3ರಲ್ಲಿ 1½. ಯೋನಿಯಲ್ಲಿ ಹಸು ಮತ್ತು ಬೆಕ್ಕು, ವೈರವೂ ಇಲ್ಲ, ಸ್ನೇಹವೂ ಇಲ್ಲ, 4ರಲ್ಲಿ 2. ಗ್ರಹಮೈತ್ರಿಯಲ್ಲಿ ಸೂರ್ಯ ಮತ್ತು ಚಂದ್ರ ಪರಸ್ಪರ ಮಿತ್ರರು, ಪೂರ್ತಿ 5. ಗಣದಲ್ಲಿ ಹುಡುಗಿ ಮನುಷ್ಯ, ಹುಡುಗ ರಾಕ್ಷಸ, 0. ಸಿಂಹ ಕರ್ಕಕ್ಕೆ ಎರಡನೆಯದು, ಕರ್ಕ ಸಿಂಹಕ್ಕೆ ಹನ್ನೆರಡನೆಯದು. ಇದಕ್ಕೆ ದ್ವಿರ್ದ್ವಾದಶ ಎನ್ನುತ್ತಾರೆ, ರಾಶಿಕೂಟ 0. ನಾಡಿ ಹುಡುಗಿಯದು ಆದ್ಯ, ಹುಡುಗನದು ಅಂತ್ಯ, ಪೂರ್ತಿ 8. ಒಟ್ಟು 17½. ನಿಮಗೆ ಲೆಕ್ಕ ಹಾಕಿಕೊಟ್ಟವರು ತಪ್ಪು ಮಾಡಿಲ್ಲ.

ಆದರೆ ಆ ವಶ್ಯದ ಸೊನ್ನೆಯನ್ನು ಸ್ವಲ್ಪ ನೋಡಿ. ವಶ್ಯದ ಕೋಷ್ಟಕ ಎಲ್ಲ ಪಂಚಾಂಗಗಳಲ್ಲೂ ಒಂದೇ ಥರ ಇಲ್ಲ. ಸಿಂಹ ಮತ್ತು ಕರ್ಕಕ್ಕೆ ಕೆಲವರು ಸೊನ್ನೆ ಹಾಕುತ್ತಾರೆ, ಕೆಲವರು ಒಂದು ಹಾಕುತ್ತಾರೆ. ಒಂದು ಹಾಕುವ ಪುಸ್ತಕ ತೆಗೆದರೆ ಇದೇ ಜೋಡಿಗೆ 18½. ಹುಡುಗ ಅದೇ, ಹುಡುಗಿ ಅದೇ, ಚಂದ್ರ ಅದೇ. ಪುಸ್ತಕ ಬದಲಾದದ್ದಕ್ಕೆ ನಿಮ್ಮ ಮಾವನವರು 'ಆಗಲಿ' ಎನ್ನುತ್ತಿದ್ದರು. ನಮ್ಮ ಕಡೆ ಕೆಲವರ ಮನೆಯಲ್ಲಿ ಸೋಲಾಪುರದ ದಾತೆ ಪಂಚಾಂಗ, ಕೆಲವರ ಮನೆಯಲ್ಲಿ ಮಠದ ಪಂಚಾಂಗ, ಈಗಂತೂ ಹುಡುಗರ ಮೊಬೈಲಿನಲ್ಲಿ ಆ್ಯಪ್. ಮೂರು ಕಡೆ ಕೇಳಿ ಮೂರು ಉತ್ತರ ಬಂದು ಗಾಬರಿಯಾಗಿ ನನ್ನ ಹತ್ತಿರ ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ತಮಿಳುನಾಡು, ಕೇರಳದ ಕಡೆ ಹೋದರೆ 36ರ ಮಾತೇ ಇಲ್ಲ, ಹತ್ತು ಪೊರುತ್ತ ನೋಡುತ್ತಾರೆ. ಅಲ್ಲಿ ಬಹಳ ಮುಖ್ಯವೆನ್ನುವ ರಜ್ಜು, ವೇಧ ಎರಡೂ ಈ ಜೋಡಿಗೆ ಅಡ್ಡ ಬರುವುದಿಲ್ಲ.

ಇನ್ನು ಹುಟ್ಟಿದ ವೇಳೆ. ನೀವು ಕಳಿಸಿದ ದಿನದ ಪಂಚಾಂಗ ತೆಗೆದು ನೋಡಿದೆ. ಅಂದು ಚಂದ್ರ ಸಿಂಹ ರಾಶಿ ಬಿಟ್ಟು ಕನ್ಯೆಗೆ ದಾಟಿದ್ದು ಬೆಳಗಿನ 5-05ರ ಸುಮಾರಿಗೆ. ನೀವು ಕೊಟ್ಟದ್ದು 4-45. ನಡುವೆ ಇಪ್ಪತ್ತೇ ನಿಮಿಷ. ಆಜಾನ್ ಕೂಗುವಾಗಲೇ ಹೆರಿಗೆ ಆಯಿತೋ, ಕೂಗಿ ಮುಗಿದು ದಾಯಿ ಹೊರಗೆ ಬಂದು 'ಹೆಣ್ಣು' ಅಂದ ಹೊತ್ತನ್ನು ನಿಮ್ಮ ಅತ್ತೆಯವರು ನೆನಪಿಟ್ಟುಕೊಂಡಿದ್ದಾರೋ, ಊರಿನಲ್ಲಿ ಒಂದು ಮಸೀದಿಯ ಆಜಾನ್ ಮುಗಿದ ಮೇಲೆ ಇನ್ನೊಂದರದು ಶುರುವಾಗುತ್ತದೆ, ಅವರು ಕೇಳಿದ್ದು ಯಾವುದೋ. ಇಷ್ಟು ವರ್ಷದ ಮೇಲೆ ಯಾರು ಹೇಳಬೇಕು?

ಮಗಳು 5-10ಕ್ಕೆ ಹುಟ್ಟಿದ್ದರೆ ಅವಳದು ಉತ್ತರಾ ಎರಡನೇ ಪಾದ, ಕನ್ಯಾ ರಾಶಿ. ನಕ್ಷತ್ರ ಅದೇ ಆದ್ದರಿಂದ ತಾರೆ, ಯೋನಿ, ಗಣ, ನಾಡಿ ಬದಲಾಗುವುದಿಲ್ಲ. ವರ್ಣದ ಒಂದು ಗುಣವೂ ಹಾಗೇ ಉಳಿಯುತ್ತದೆ. ಆದರೆ ಕನ್ಯೆ ಕರ್ಕಕ್ಕೆ ಮೂರನೆಯದು, ರಾಶಿಕೂಟ 0 ಇದ್ದದ್ದು 7 ಆಗುತ್ತದೆ. ಕನ್ಯೆಯ ಒಡೆಯ ಬುಧ. ಚಂದ್ರನಿಗೆ ಬುಧ ಮಿತ್ರ, ಬುಧನಿಗೆ ಮಾತ್ರ ಚಂದ್ರ ಶತ್ರು. ಹಾಗಾಗಿ ಗ್ರಹಮೈತ್ರಿ 5ರಿಂದ 1ಕ್ಕೆ ಇಳಿಯುತ್ತದೆ. ವಶ್ಯ ಬಿಟ್ಟು ಕೂಡಿದರೇ 20½. ಈಗ ಯೋಚಿಸಿ: ಇಬ್ಬರ ಮನಸ್ಸು ಕೂಡುವುದನ್ನು ಹೇಳುತ್ತದೆ ಎಂದು ನಾವು ನಂಬುವ ಕೂಟವೇ ಗ್ರಹಮೈತ್ರಿ. ಅದು ಪೂರ್ತಿ ಕೂಡಿದಾಗ ಮೊತ್ತ ಗೆರೆಯ ಕೆಳಗೆ. ಅದು ಕೆಟ್ಟಾಗ ಮೊತ್ತ ಗೆರೆಯ ಮೇಲೆ. ಮೊತ್ತವನ್ನಷ್ಟೇ ಕೇಳಿದ ಮಾವನವರಿಗೆ ಎರಡನೆಯದೇ ಒಳ್ಳೆಯ ಸಂಬಂಧವಾಗಿ ಕಾಣುತ್ತದೆ.

ಈ ವೇಳೆಯ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ, ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಶುರುವಿನ ದಿನಗಳಲ್ಲಿ ಭಾಲ್ಕಿ ಕಡೆಯ ಒಂದು ಸಂಬಂಧಕ್ಕೆ ಏಕನಾಡಿ ಬಂತೆಂದು, ಗುಣ 14 ಎಂದು, 'ಬೇಡ' ಅಂದೆ. ಅವರು ಬಿಟ್ಟರು. ಕೆಲವು ತಿಂಗಳ ಮೇಲೆ ಹುಡುಗನ ತಾಯಿ ಬೇರೆ ಕೆಲಸಕ್ಕೆ ಬಂದಾಗ ಮಾತಿನಲ್ಲಿ ಹೇಳಿದರು: ಮಗ ಹುಟ್ಟಿದ್ದು ಸೀಗಿ ಹುಣ್ಣಿಮೆ ಹಿಂದೆ ಮುಂದೆ. ನನಗೆ ಕೊಟ್ಟ ತಾರೀಖು ಜೂನ್ 1. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ನಾನು ಕೂಡಿದ ಅಷ್ಟೂ ಗುಣ ಆ ಹುಡುಗನದೇ ಅಲ್ಲದ ಒಂದು ನಕ್ಷತ್ರಕ್ಕೆ. ಅಂದಿನಿಂದ ಜೂನ್ 1 ಕಂಡರೆ ಪೆನ್ನು ಕೆಳಗಿಟ್ಟು ಮೊದಲು ತಾಯಿಯನ್ನು ಕರೆಸಿ ಅಂತೀನಿ. ಹುಟ್ಟಿದ್ದೇ ಗೊತ್ತಿಲ್ಲದವರಿಗೆ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ತೆಗೆದು ಗುಣ ಕೂಡುವ ರೂಢಿಯೂ ನಮ್ಮಲ್ಲಿದೆ. ಹಾಗೆ ಬಂದ ಅಂಕಿಗೆ ಮನೆಯವರ ಸಮಾಧಾನಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ.

ಈಗ ನಿಮ್ಮ ಮಾವನವರಿಗೆ ತೋರಿಸಬಹುದಾದ ಮಾತಿಗೆ ಬರುತ್ತೇನೆ. ಅವರು ಶಾಸ್ತ್ರ ನಂಬುವವರು, ಅವರಿಗೆ ಶಾಸ್ತ್ರದಿಂದಲೇ ಉತ್ತರ ಕೊಡಬೇಕು. ಎಂಟು ಕೂಟ ಹೇಳಿದ ಅದೇ ಮುಹೂರ್ತಚಿಂತಾಮಣಿ ರಾಶಿಕೂಟ ಕೆಟ್ಟಾಗ ಏನು ಎಂಬುದನ್ನೂ ಹೇಳುತ್ತದೆ. ಇಬ್ಬರ ರಾಶಿಗೂ ಒಬ್ಬನೇ ಒಡೆಯನಿದ್ದರೆ, ಅಥವಾ ಇಬ್ಬರು ಒಡೆಯರೂ ಮಿತ್ರರಾಗಿದ್ದು ನಾಡಿ ಶುದ್ಧವಿದ್ದರೆ, ಆ ದೋಷವಿದ್ದರೂ ಮದುವೆ ಶುಭವೇ. ನಿಮ್ಮ ಮಗಳ ಜೋಡಿ ಇದಕ್ಕೆ ಅಕ್ಷರಶಃ ಹೊಂದುತ್ತದೆ: ಸೂರ್ಯ ಚಂದ್ರ ಮಿತ್ರರು, ಆದ್ಯ ಅಂತ್ಯ ನಾಡಿ ಬೇರೆ. ಪರಿಹಾರ ಇದೆ ಎಂದಮೇಲೂ ಮೊತ್ತದಲ್ಲಿ ಆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಯಾಕೆಂದರೆ ಕೋಷ್ಟಕಕ್ಕೆ ಪರಿಹಾರ ಗೊತ್ತಿಲ್ಲ, ಆ್ಯಪ್‌ಗಳಲ್ಲಿ ಬಹಳಷ್ಟಕ್ಕೆ ಅದನ್ನು ಕೂಡಿಸುವ ರೂಢಿಯೂ ಇಲ್ಲ. ಅಂಕಿಯನ್ನು ಓದುವುದು ಹಳೆಯ ಜೋಯಿಸರ ಕೆಲಸದ ಕಾಲು ಭಾಗವಾಗಿತ್ತು. ಉಳಿದ ಮುಕ್ಕಾಲು ಪರಿಹಾರ ನೋಡುವುದು. ಈಗ ಕಾಲು ಭಾಗವೇ ಪೂರ್ತಿ ಆಗಿಬಿಟ್ಟಿದೆ.

ಉಳಿಯುವುದು ಗಣದ ಸೊನ್ನೆ. 'ರಾಕ್ಷಸ ಗಣ' ಎಂಬ ಶಬ್ದ ಕೇಳಿಯೇ ಹೆದರುವವರನ್ನು ದಿನಾ ನೋಡುತ್ತೇನೆ. ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂಬತ್ತು ರಾಕ್ಷಸ ಗಣದವು. ಊರಿನ ಮೂರರಲ್ಲೊಂದು ಪಾಲು ಜನ ಅದೇ ಗಣದವರು, ನಿಮ್ಮ ಓಣಿಯಲ್ಲೇ ಎಷ್ಟೋ ಮಂದಿ. ಹುಡುಗ ಸಿಟ್ಟಿನವನೇ ಎಂದು ತಿಳಿಯಬೇಕಾದರೆ ಆಶ್ಲೇಷಾ ನೋಡಬೇಡಿ, ಅವನ ಜೊತೆ ಕೆಲಸ ಮಾಡುವ ಇಬ್ಬರನ್ನು ಕೇಳಿ.

ನಾಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲಿ ನಿಜವಾದ ಅಪಾಯ ಇದೆ. ಇತ್ತೀಚೆಗೆ ನಮ್ಮವರೇ ಕೆಲವರು ನಾಡಿ ಎಂದರೆ ರಕ್ತದ ಗುಂಪು, ಏಕನಾಡಿಯಾದರೆ ಮಕ್ಕಳಿಗೆ ರೋಗ, ಇದು ನಮ್ಮ ಹಿರಿಯರ ವಿಜ್ಞಾನ ಎಂದು ಹೇಳುತ್ತಿದ್ದಾರೆ. ಇದು ಸುಳ್ಳು. ನಾಡಿ ನಿಂತಿರುವುದು ಹುಟ್ಟಿದ ದಿನದ ಚಂದ್ರನ ಮೇಲೆ, ರಕ್ತದ ಗುಂಪು ಬರುವುದು ತಂದೆ ತಾಯಿಯಿಂದ. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ರಕ್ತದ ಗುಂಪು ಒಂದೇ ಇದ್ದು ನಾಡಿ ಬೇರೆ ಇರಬಹುದು. ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ ಇನ್ನೂ ಇದೆ. ಅಂಥ ಜೋಡಿಗೂ ನಾಡಿ ಬೇರೆ ಬಂದು 30 ಗುಣ ಕೂಡಬಹುದು. 'ಎಂಟಕ್ಕೆ ಎಂಟು ನಾಡಿ ಬಂದದ' ಅಂತ ಮನೆಯವರು ನಿಶ್ಚಿಂತರಾಗುತ್ತಾರೆ. ಆ ಅಂಕಿಗೆ ರಕ್ತಸಂಬಂಧ ಕಾಣುವುದೇ ಇಲ್ಲ. ನಿಮ್ಮ ಮಗಳಿಗೂ ನಾಡಿ 8 ಬಂದಿದೆ. ಅದಕ್ಕೇ ಪರೀಕ್ಷೆ ಬಿಡಬೇಡಿ. ಇಬ್ಬರಿಗೂ ರಕ್ತದ ಗುಂಪು, ಆರ್‌ಎಚ್, ಮತ್ತು ಥಲಸ್ಸೀಮಿಯಾ ವಾಹಕರೇ ಎಂದು ತಿಳಿಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ದೊಡ್ಡ ಕಾಯಿಲೆ ಬರುವ ಸಂಭವ. ಇದನ್ನು ಯಾವ ಕೂಟವೂ ಹೇಳುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಜನ್ಮವೇಳೆಯನ್ನು 5-10 ಎಂದು ಬರೆಸಿ 20 ದಾಟಿಸಿಬಿಡಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಆ ವೇಳೆ ನಿಜವೇ ಇರಬಹುದು, ಆದರೆ ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬೀಗರಿಗೆ ಕೊಟ್ಟ ಹಾಗಾಗುತ್ತದೆ. ಮುಂದೆ ಯಾವತ್ತೋ ಅತ್ತೆ ಮನೆಯಲ್ಲಿ ಆ ಮಾತು ಹೊರಬಿದ್ದರೆ 'ಸುಳ್ಳು ಜಾತಕ ಕೊಟ್ಟು ಕೊಟ್ಟರು' ಎಂಬುದು ಮಗಳ ತಲೆಗೆ ಕಟ್ಟುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಣ ಕಡಿಮೆ ಬಂದದ್ದಕ್ಕಿಂತ ಅದರಿಂದ ಆದ ಮನಸ್ತಾಪ ದೊಡ್ಡದಾಗಿತ್ತು.

18 ಎನ್ನುವ ಜೋಯಿಸರು ಸಿಗುವವರೆಗೆ ಮನೆ ಮನೆ ತಿರುಗುವುದೂ ಬೇಡ. ಮೂರನೆಯವರು ಶಾಂತಿ ಹೇಳುತ್ತಾರೆ, ನಾಲ್ಕನೆಯವರು ಹೋಮ ಹೇಳುತ್ತಾರೆ, ಹಣ ಹೋಗುತ್ತದೆ, ಮಾವನವರ ಅನುಮಾನ ಹೆಚ್ಚುತ್ತದೆ. ರಾಶ್ಯಧಿಪತಿ ಮೈತ್ರಿ ಇರುವಾಗ ಈ ದ್ವಿರ್ದ್ವಾದಶಕ್ಕೆ ಪ್ರತ್ಯೇಕ ಶಾಂತಿ ಬೇಕಿಲ್ಲ.

ಸಂಬಂಧ ಬಿಡುವುದು ಮೂರನೆಯ ದಾರಿ. ಬಿಡುವುದಾದರೆ ಬೇರೆ ಕಾರಣಕ್ಕೆ ಬಿಡಿ. 29 ಗುಣದ ಹುಡುಗನನ್ನು ನೀವು ಕುಡಿತಕ್ಕೆ ಬಿಟ್ಟಿರಿ, ಅದು ನೀವು ವಿಚಾರಿಸಿ ತಿಳಿದದ್ದು. ಅದೇ ವಿಚಾರಣೆ ಈ ಹುಡುಗನಿಗೂ ಆಗಲಿ: ಸಾಲ ಎಷ್ಟಿದೆ, ಸಂಬಳ ಎಲ್ಲಿ ಹೋಗುತ್ತದೆ, ಮಗಳು ಕೆಲಸಕ್ಕೆ ಹೋಗಲು ಅವರ ತಾಯಿ ಏನಂತಾರೆ, ಹಿಂದೆ ಯಾವುದಾದರೂ ಸಂಬಂಧ ಮುರಿದಿತ್ತೇ, ಮುರಿದಿದ್ದರೆ ಯಾಕೆ.

ಮುಂದುವರಿಯುವುದು ನಾಲ್ಕನೆಯದು. ನಿಮ್ಮ ಪತ್ರ ಓದಿದ ಮೇಲೆ ನಾನಾಗಿದ್ದರೆ ಹಿಡಿಯುತ್ತಿದ್ದ ದಾರಿ ಇದೇ. ಇದರಲ್ಲಿ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮನೆಯ ಹಿರಿಯರು ಒಪ್ಪದೆ ಮದುವೆಯಾದರೆ, ಮುಂದೆ ಮೊದಲ ಮಗು ತಡವಾದರೂ, ಹುಡುಗನಿಗೆ ಬೇರೆ ಊರಿಗೆ ವರ್ಗವಾದರೂ, ಗಂಡ ಹೆಂಡತಿ ಒಂದು ಮಾತು ಆಡಿಕೊಂಡರೂ, 'ನಾ ಅವತ್ತೇ ಹೇಳಿದ್ದೆ, 17½' ಎಂಬ ಮಾತು ಬರುತ್ತದೆ. ಜಗಳ ಎಲ್ಲ ಮನೆಯಲ್ಲೂ ಇರುತ್ತದೆ, ಆದರೆ 30 ಗುಣದವರ ಮನೆಯ ಜಗಳವನ್ನು ಯಾರೂ ಗುಣಕ್ಕೆ ಹಚ್ಚುವುದಿಲ್ಲ. ಹಾಗಾಗಿ ನಿಶ್ಚಿತಾರ್ಥಕ್ಕೆ ಮುಂಚೆಯೇ ಮಾವನವರ ಮನಸ್ಸು ತಿಳಿಯಾಗಬೇಕು. ಅವರನ್ನು ಮೀರಿ ಹೋಗಬೇಡಿ, ಕೂಡಿಸಿಕೊಂಡು ಹೋಗಿ.

ಮಾವನವರು ವಚನ ಓದುವವರಾದರೆ ಬಸವಣ್ಣನವರು ರಾಶಿಕೂಟ, ಗಣಸಂಬಂಧ, ತಾರಾಬಲ ಎಂಬ ಇದೇ ಶಬ್ದಗಳನ್ನು ಎತ್ತಿ ಹೇಳಿದ ವಚನ ಅವರಿಗೆ ಗೊತ್ತೇ ಇರುತ್ತದೆ: ನಮ್ಮವರು ಬಂದು ಕೇಳಿದರೆ ಎಲ್ಲವೂ ಉಂಟು ಎಂದೇ ಹೇಳಿ ಎನ್ನುತ್ತಾರೆ ಅಲ್ಲಿ. ಹನ್ನೆರಡನೆಯ ಶತಮಾನದಲ್ಲೇ ಈ ಸೀಮೆಯ ಜನ ಕೂಟ ಕೂಡದ್ದಕ್ಕೆ ಕೈ ಕಟ್ಟಿ ಕೂತಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಓದುವವರಲ್ಲ, ಶಾಸ್ತ್ರವೇ ಬೇಕು ಎಂದರೆ ಹೀಗೆ ಮಾಡಿ. ನಿಮ್ಮ ಮನೆಗೆ ಯಾವಾಗಲೂ ಬರುವ ಅಯ್ಯನವರು ಅಥವಾ ಆಚಾರ್ಯರು ಯಾರಿದ್ದಾರೋ ಅವರ ಹತ್ತಿರ ಮಾವನವರನ್ನೇ ಕರೆದುಕೊಂಡು ಹೋಗಿ. 'ಎಷ್ಟು ಗುಣ' ಎಂದು ಕೇಳಬೇಡಿ. 'ಕರ್ಕ ಸಿಂಹ ದ್ವಿರ್ದ್ವಾದಶ, ಒಡೆಯರು ಮಿತ್ರರು, ನಾಡಿ ಬೇರೆ, ಇದಕ್ಕೆ ಪರಿಹಾರ ಇದೆಯೇ ಇಲ್ಲವೇ' ಎಂದು ಕೇಳಿ. ಇದೆ ಎಂದು ಆ 17½ ಬರೆದ ಹಾಳೆಯ ಮೇಲೆಯೇ ಬರೆಸಿಕೊಳ್ಳಿ, ಮಾವನವರ ಎದುರಿಗೇ. ಆ ಹಾಳೆ ಅವರ ಕೈಯಲ್ಲೇ ಇರಲಿ. ಎಚ್‌ಪಿಎಲ್‌ಸಿ ವರದಿ ನಿಮ್ಮ ಕೈಗೆ ಬಂದ ಮೇಲೆ ಶಹಾಪುರಕ್ಕೆ ಫೋನ್ ಮಾಡಿ.